ಲೋಗೊ ಮುಚ್ಚಿದರೂ ಗುರುತು ಸಿಗಬೇಕು

ಯಾವುದಾದರೂ ಜಿಲ್ಲಾ ಕೇಂದ್ರದ ಐದು ಮದುವೆ ಸ್ಟುಡಿಯೊಗಳ ಇನ್‌ಸ್ಟಾಗ್ರಾಂ ಪುಟಗಳನ್ನು ತೆರೆದು, ಒಂದೊಂದರಿಂದ ಒಂಬತ್ತು ಫೋಟೊ ಆರಿಸಿಕೊಳ್ಳಿ. ಮೂಲೆಯ ವಾಟರ್‌ಮಾರ್ಕ್ ಕತ್ತರಿಸಿ, ನಲವತ್ತೈದನ್ನೂ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಮುಂದೆ ಮಾಡಿ ಬೆರೆಸಿ. ಆಮೇಲೆ ಆ ಊರಿನವರೇ ಆದ, ಆದರೆ ಈ ವ್ಯಾಪಾರದಲ್ಲಿಲ್ಲದ ಯಾರ ಮುಂದಾದರೂ ಇಟ್ಟು, ‘ಒಬ್ಬರೇ ತೆಗೆದದ್ದು ಅನ್ನಿಸುವುದನ್ನೆಲ್ಲ ಒಂದು ಕಡೆ ಸೇರಿಸಿ’ ಎನ್ನಿ. ಅವರು ಛತ್ರ ನೋಡಿ ವಿಂಗಡಿಸುತ್ತಾರೆ, ಸೀರೆಯ ಬಣ್ಣ ನೋಡಿ ವಿಂಗಡಿಸುತ್ತಾರೆ. ಸ್ಟುಡಿಯೊ ನೋಡಿ ವಿಂಗಡಿಸಲು ಅವರಿಗೆ ಯಾವ ದಾರಿಯೂ ಸಿಗುವುದಿಲ್ಲ. ಎಲ್ಲ ಗುಂಪಿನಲ್ಲೂ ಹೊಗೆಯ ನಡುವೆ ಕುಣಿಯುವ ಜೋಡಿ ಇದೆ, ಮೆಹಂದಿ ಹಚ್ಚಿದ ಅಂಗೈ ಇದೆ, ಕೆರೆಯ ದಂಡೆಯಲ್ಲಿ ಮೇಲಿಂದ ತೆಗೆದ ಡ್ರೋನ್ ಚಿತ್ರ ಇದೆ, ಮತ್ತು ಎಲ್ಲರ ಮೈಬಣ್ಣವೂ ಒಂದೇ ಥರದ ಕಿತ್ತಳೆ.

ಮದುವೆ ಸ್ಟುಡಿಯೊ ನಡೆಸುವವರು ‘ನಮಗೊಂದು ಬ್ರ್ಯಾಂಡ್ ಬೇಕು’ ಎಂದಾಗ ಸಾಮಾನ್ಯವಾಗಿ ಕೇಳುವುದು ಹೊಸ ಲೋಗೊ. ಚಿನ್ನದ ಬಣ್ಣದ ಎರಡು ಅಕ್ಷರ, ಅದರ ಸುತ್ತ ಎಲೆಬಳ್ಳಿಯ ಉಂಗುರ. ಆದರೆ ಈ ಮಾರುಕಟ್ಟೆಯ ಕಷ್ಟ ಲೋಗೊದಲ್ಲಿಲ್ಲ. ಚಿತ್ರಗಳೇ ಒಂದರಂತೆ ಇನ್ನೊಂದು ಇರುವಾಗ ಅವುಗಳ ಮೂಲೆಯ ಮುದ್ರೆ ಬದಲಾಯಿಸಿದರೆ ಗಿರಾಕಿಗೆ ತಿಳಿಯುವ ವ್ಯತ್ಯಾಸ ಒಂದೇ: ದರ. ಅದಕ್ಕೇ ಫೋನ್ ಎತ್ತಿದ ಕೂಡಲೇ ‘ಅಣ್ಣಾ, ಎಲ್ಡು ದಿನಕ್ಕೆ ಎಷ್ಟಾಗ್ತತಿ?’ ಎಂಬ ಪ್ರಶ್ನೆ ಬರುತ್ತದೆ. ಬೇರೇನನ್ನು ಕೇಳಬೇಕೆಂದು ಅವರಿಗೆ ತೋಚುವಂತೆ ಸ್ಟುಡಿಯೊ ಏನನ್ನೂ ತೋರಿಸಿರುವುದಿಲ್ಲ.

ಚಿತ್ರಗಳು ಹೀಗೆ ಒಂದೇ ಥರ ಆಗುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ವ್ಯಾಪಾರ ನಡೆಯುವ ರೀತಿಯೇ ಕಾರಣ. ಮುಹೂರ್ತ ಜೋರಾಗಿರುವ ದಿನ ಒಂದೇ ಸ್ಟುಡಿಯೊ ಎರಡು ಮೂರು ಮದುವೆ ಒಪ್ಪಿಕೊಂಡಿರುತ್ತದೆ. ಸ್ವಂತ ಕೆಲಸಗಾರರು ಸಾಲದೆ ಹೊರಗಿನ ಕ್ಯಾಮೆರಾದವರನ್ನು ದಿನಗೂಲಿಗೆ ಕರೆಸುತ್ತಾರೆ. ಆ ಹುಡುಗ ಇವತ್ತು ಇವರಿಗೆ, ನಾಡಿದ್ದು ಎದುರು ಬೀದಿಯವರಿಗೆ ಕ್ಯಾಂಡಿಡ್ ತೆಗೆಯುತ್ತಾನೆ. ಕಣ್ಣು ಒಂದೇ ಆದಮೇಲೆ ಚಿತ್ರ ಬೇರೆ ಆಗುವುದು ಹೇಗೆ? ಬಣ್ಣ ತಿದ್ದಲು ಎಲ್ಲರೂ ಬಳಸುವುದು ಅಂತರ್ಜಾಲದಲ್ಲಿ ಕಂತೆಯಾಗಿ ಸಿಗುವ ಅದೇ ಪ್ರಿಸೆಟ್‌ಗಳನ್ನು. ಆಲ್ಬಂ ಪುಟಗಳ ವಿನ್ಯಾಸ ಕೊಂಡುತಂದ ಟೆಂಪ್ಲೇಟು. ಪ್ರಿಂಟ್ ಆಗುವುದು ಅದೇ ಕೆಲವು ಲ್ಯಾಬ್‌ಗಳಲ್ಲಿ, ಹೈಲೈಟ್ಸ್ ವಿಡಿಯೊಗೆ ಹಾಕುವುದು ಆ ವರ್ಷ ಎಲ್ಲರೂ ಹಾಕುವ ಸಿನಿಮಾ ಹಾಡು. ಐದು ಕಡೆ ಐದು ಸಾಮಾನು ಒಂದೇ ಅಂಗಡಿಯಿಂದ ತಂದಮೇಲೆ ಬೋರ್ಡಿನ ಹೆಸರು ಮಾತ್ರ ಬೇರೆ ಇದ್ದು ಪ್ರಯೋಜನವಿಲ್ಲ. ಹಾಗಾಗಿ ಗುರುತು ಕಟ್ಟುವುದೆಂದರೆ ಈ ಐದರಲ್ಲಿ ಯಾವುದನ್ನು ನಾವೇ ಮಾಡುತ್ತೇವೆ, ಹೇಗೆ ಮಾಡುತ್ತೇವೆ ಎಂದು ತೀರ್ಮಾನಿಸುವುದು. ಲೋಗೊ ಬರುವುದು ಅದಾದಮೇಲೆ.

ಇದು ಹೇಗೆ ನಡೆಯುತ್ತದೆ ಎಂದು ನೋಡಲು ದಾವಣಗೆರೆಯಲ್ಲಿ ಒಂದು ಸ್ಟುಡಿಯೊ ಇದೆ ಎಂದಿಟ್ಟುಕೊಳ್ಳೋಣ. ಅಪ್ಪನ ಕಾಲದ ಅಂಗಡಿ. ಮೊದಲು ಪಾಸ್‌ಪೋರ್ಟ್ ಫೋಟೊ, ಆಮೇಲೆ ವಿಡಿಯೊ ಕ್ಯಾಸೆಟ್, ಈಗ ಮಗ ನಡೆಸುತ್ತಾನೆ. ವರ್ಷಕ್ಕೆ ಸುಮಾರು ಮೂವತ್ತೈದು ಮದುವೆ. ಹೆಚ್ಚಿನವು ಊರಿನ ಮತ್ತು ಸುತ್ತಲಿನ ಹರಿಹರ, ಜಗಳೂರು, ಚನ್ನಗಿರಿ ಕಡೆಯ ಕುಟುಂಬಗಳವು. ಕೆಲಸಕ್ಕೆ ದೂರಿಲ್ಲ, ಆದರೆ ಹೊಸ ಗಿರಾಕಿ ಬಂದಾಗಲೆಲ್ಲ ದರದಲ್ಲಿ ಜಗ್ಗಾಟ.

ಮಗ ಮೊದಲು ನೋಡಬೇಕಾದದ್ದು ಎದುರಿನವರ ಪುಟವನ್ನಲ್ಲ, ತನ್ನದೇ ಹಳೆಯ ಬಿಲ್ ಪುಸ್ತಕವನ್ನು. ಆಲ್ಬಂ ಕೊಟ್ಟು ಮುಗಿದ ಮೇಲೂ ಜನ ವಾಪಸ್ ಬಂದು ‘ಇದೊಂದು ದೊಡ್ಡದು ಮಾಡಿಕೊಡಿ, ಫ್ರೇಮ್ ಹಾಕಿಕೊಡಿ’ ಎಂದು ಕೇಳಿದ ಫೋಟೊಗಳು ಯಾವುವು? ಯಾವ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಕೇಳಿ ತರಿಸಿಕೊಂಡರು? ಯಾವ ಸ್ಟುಡಿಯೊದಲ್ಲಿ ಈ ಪಟ್ಟಿ ಮಾಡಿದರೂ ಒಂದು ಸಂಗತಿ ಮೇಲೆ ಬರುತ್ತದೆ: ಜನ ಇನ್‌ಸ್ಟಾಗ್ರಾಂನಲ್ಲಿ ಮೆಚ್ಚುವ ಚಿತ್ರ ಬೇರೆ, ದುಡ್ಡು ಕೊಟ್ಟು ಗೋಡೆಗೆ ಹಾಕುವ ಚಿತ್ರ ಬೇರೆ. ನಮ್ಮ ಈ ಸ್ಟುಡಿಯೊದ ಪಟ್ಟಿಯಲ್ಲಿ ಕೆರೆಯ ಹತ್ತಿರದ ಪ್ರೀ ವೆಡ್ಡಿಂಗ್ ಚಿತ್ರಗಳು ಕಡಿಮೆ. ಇದ್ದದ್ದು ಸುರಗಿ ನೀರು ಹಾಕುವಾಗ ನೂಲಿನ ಸುತ್ತಿನೊಳಗೆ ಮಗಳ ಪಕ್ಕ ಕೂತ ತಾಯಿ, ಐರಣಿ ತರಲು ಹೊರಟ ಹೆಂಗಸರ ಸಾಲು, ಬಳೆ ಇಡಿಸಿಕೊಳ್ಳುತ್ತಿರುವ ಅತ್ತೆ ಚಿಕ್ಕಮ್ಮಂದಿರು, ಅಕ್ಕಿಕಾಳು ಹಾಕಲು ಎದ್ದು ನಿಂತ ಅಜ್ಜ. ಅಜ್ಜ ತೀರಿಕೊಂಡ ಮೇಲೆ ಬಂದು ಕೇಳಿದ್ದೂ ಇದೆ, ಏಕೆಂದರೆ ಎಷ್ಟೋ ಮನೆಗಳಲ್ಲಿ ಹಿರಿಯರ ಕೊನೆಯ ಒಳ್ಳೆಯ ಫೋಟೊ ಸಿಗುವುದು ಯಾರದೋ ಮದುವೆಯ ಆಲ್ಬಂನಲ್ಲೇ.

ಅಂದರೆ ಈ ಸ್ಟುಡಿಯೊದ ಬಲ ಇರುವುದು ಮನೆಯ ಶಾಸ್ತ್ರಗಳಲ್ಲಿ. ಅದಕ್ಕೆ ಕಾರಣವೂ ಇದೆ. ಅಪ್ಪನಿಗೆ ಈ ಭಾಗದ ಯಾವ ಮನೆತನದಲ್ಲಿ ಯಾವ ಶಾಸ್ತ್ರ ಎಷ್ಟು ಹೊತ್ತಿಗೆ, ಯಾರ ಕೈಯಿಂದ ಆಗುತ್ತದೆ ಎಂಬುದು ಗೊತ್ತು. ಸುರಗಿಗೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತುವ ಮೊದಲೇ ಎಲ್ಲಿ ನಿಲ್ಲಬೇಕೆಂದು ಅವರಿಗೆ ತಿಳಿದಿರುತ್ತದೆ. ಹೊರಗಿನಿಂದ ಬಂದ ಕ್ಯಾಮೆರಾದವನು ನೀರು ಹಾಕಿದಮೇಲೆ ಓಡಿ ಬರುತ್ತಾನೆ. ಈ ತಿಳಿವಳಿಕೆ ಯಾವ ಪ್ರಿಸೆಟ್ ಕಂತೆಯಲ್ಲೂ ಸಿಗುವುದಿಲ್ಲ.

ಈಗ ಇದನ್ನು ಒಂದು ವಾಕ್ಯಕ್ಕೆ ಇಳಿಸಬೇಕು. ಜಾಹೀರಾತಿನ ವಾಕ್ಯ ಬೇಡ. ನಾಳೆ ಬೆಳಿಗ್ಗೆ ಮೊದಲ ಸಲ ಬರುವ ದಿನಗೂಲಿ ಕ್ಯಾಮೆರಾದವನಿಗೂ ಏನು ಮಾಡಬೇಕೆಂದು ತಿಳಿಸುವ ವಾಕ್ಯ ಬೇಕು. ‘ಮಧುರ ಕ್ಷಣಗಳನ್ನು ಸೆರೆಹಿಡಿಯುತ್ತೇವೆ’ ಎಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ‘ಮದುವೆ ಮನೆಯ ಪ್ರತಿಯೊಬ್ಬರೂ ತಮ್ಮ ಕೆಲಸದಲ್ಲಿ ತೊಡಗಿರುವಂತೆ, ತಮ್ಮ ನಿಜವಾದ ಮೈಬಣ್ಣದಲ್ಲಿ ಆಲ್ಬಂನಲ್ಲಿ ಇರಬೇಕು’ ಎಂದರೆ ತಿಳಿಯುತ್ತದೆ. ಇದರಲ್ಲಿ ಎರಡು ಕಟ್ಟಪ್ಪಣೆ ಇವೆ. ಒಂದು, ಕ್ಯಾಮೆರಾ ವಧೂವರರ ಮೇಲಷ್ಟೇ ಇರುವಂತಿಲ್ಲ. ಇನ್ನೊಂದು, ಬಣ್ಣದಲ್ಲಿ ಆಟವಾಡುವಂತಿಲ್ಲ. ಜೊತೆಗೆ ಒಂದು ತ್ಯಾಗವೂ ಇದೆ, ಅದನ್ನು ಮುಚ್ಚಿಡಬಾರದು. ಹೊಗೆ, ಬಣ್ಣದ ಪುಡಿ, ಸಿನಿಮಾ ಸೆಟ್ಟಿನಂಥ ಪ್ರೀ ವೆಡ್ಡಿಂಗ್ ಬೇಕೆನ್ನುವ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾರೆ. ಅವರನ್ನೂ ಉಳಿಸಿಕೊಳ್ಳಲು ಪುಟದಲ್ಲಿ ಎರಡನ್ನೂ ಬೆರೆಸಿದರೆ, ನೋಡಿದವರಿಗೆ ಮತ್ತೆ ಎಲ್ಲರಂತೆ ಕಾಣುತ್ತದೆ. ಸ್ಟುಡಿಯೊಗಳು ಹಿಂಜರಿಯುವುದು ಇಲ್ಲೇ. ಸೀಸನ್ ಇರುವುದೇ ಕೆಲವು ತಿಂಗಳು, ಬಂದ ಆರ್ಡರ್ ಬಿಡುವುದೆಂದರೆ ಹೊಟ್ಟೆಗೆ ಬೆಂಕಿ ಇಟ್ಟುಕೊಂಡಂತೆ. ಕೇಳಿದವರಿಗೆ ಪ್ರೀ ವೆಡ್ಡಿಂಗ್ ಮಾಡಿಕೊಡಲಿ, ತಪ್ಪಿಲ್ಲ. ಆದರೆ ತನ್ನ ಪುಟದಲ್ಲಿ, ಮಾದರಿ ಆಲ್ಬಂನಲ್ಲಿ ಅದನ್ನು ತೋರಿಸದಿದ್ದರೆ ಸಾಕು. ತೋರಿಸಿದ್ದನ್ನೇ ಜನ ಕೇಳಿಕೊಂಡು ಬರುತ್ತಾರೆ.

ಮೈಬಣ್ಣದ ಮಾತಿಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಲೋಗೊ ಮುಚ್ಚಿದಾಗಲೂ ಕಾಣುವ ಗುರುತು ಮುಖ್ಯವಾಗಿ ಬಣ್ಣ. ಛತ್ರದ ಬೆಳಕು ಒಂದೇ ಥರ ಇರುವುದಿಲ್ಲ. ಚಾವಣಿಯ ಟ್ಯೂಬ್‌ಲೈಟು ತುಸು ಹಸಿರು ಛಾಯೆಯದು, ಮಂಟಪದ ಅಲಂಕಾರದ ಬಲ್ಬು ಹಳದಿ, ವಿಡಿಯೊದವನ ಎಲ್‌ಇಡಿ ನೀಲಿಬಿಳಿ, ಕಿಟಕಿಯಿಂದ ಹಗಲು ಬೆಳಕು. ವೇದಿಕೆಯ ಮೇಲೆ ನೇರಳೆ ಬಣ್ಣದ ಲೈಟು ಬೇರೆ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಇದರಲ್ಲಿ ಯಾವುದು ಬಿಳಿ ಎಂದು ಪ್ರತಿ ಫೋಟೊಗೂ ಹೊಸದಾಗಿ ಊಹಿಸುತ್ತದೆ. ಹಿಂದೆ ಚೆಂಡುಹೂವಿನ ಮಂಟಪ ಇದ್ದರೆ ಒಂದು ಥರ, ಪಕ್ಕದಲ್ಲಿ ನೀಲಿ ಸೀರೆ ಬಂದರೆ ಇನ್ನೊಂದು ಥರ. ಧಾರೆಯ ಐದು ನಿಮಿಷದ ಮೂವತ್ತು ಚಿತ್ರಗಳಲ್ಲಿ ಮದುಮಗಳ ಮುಖ ಮೂರು ಬಣ್ಣದ್ದಾಗುತ್ತದೆ. ಈ ಗಲಿಬಿಲಿಯನ್ನು ಮುಚ್ಚಲೆಂದೇ ಎಡಿಟಿಂಗ್‌ನಲ್ಲಿ ಮೈಬಣ್ಣವನ್ನು ಕಿತ್ತಳೆಗೂ ಹಿನ್ನೆಲೆಯನ್ನು ಹಸಿರುನೀಲಿಗೂ ಎಳೆಯುವ ಪ್ರಿಸೆಟ್ ಹಾಕುತ್ತಾರೆ. ಎಲ್ಲವೂ ಒಂದೇ ಆಗಿ ಕಾಣುತ್ತದೆ, ನಿಜ. ಆದರೆ ಗೋಧಿ ಮೈಬಣ್ಣದ ಅಕ್ಕ, ಕಪ್ಪು ಮೈಬಣ್ಣದ ತಂಗಿ ಇಬ್ಬರೂ ಒಂದೇ ಬಣ್ಣಕ್ಕೆ ತಿರುಗುತ್ತಾರೆ, ಅರಿಶಿಣ ಹಚ್ಚಿದ ಕೆನ್ನೆಗೂ ಹಚ್ಚದ ಕೆನ್ನೆಗೂ ವ್ಯತ್ಯಾಸ ಉಳಿಯುವುದಿಲ್ಲ. ಕಪ್ಪು ಮೈಬಣ್ಣದವರನ್ನು ಕೇಳದೆಯೇ ಬಿಳುಪು ಮಾಡಿಬಿಡುವ ಅಭ್ಯಾಸವೂ ಇದರ ಜೊತೆಗಿದೆ. ಅದು ಕೆಟ್ಟ ಅಭ್ಯಾಸ ಎಂದೇ ನನ್ನ ಅಭಿಪ್ರಾಯ. ಮದುವೆಯ ದಿನವೇ ಒಬ್ಬ ಹೆಣ್ಣುಮಗಳಿಗೆ ‘ನಿನ್ನ ಬಣ್ಣ ಸರಿಯಿಲ್ಲ’ ಎಂದು ಹೇಳಿದಂತೆ ಅದು.

ನಿಜವಾದ ಬಣ್ಣ ಸಿಗಬೇಕಾದರೆ ಕೆಲಸ ಶೂಟಿಂಗ್‌ಗೆ ಮುಂಚೆಯೇ ಶುರುವಾಗಬೇಕು. ನಮ್ಮ ಸ್ಟುಡಿಯೊ ಮೂರು ಅಭ್ಯಾಸ ಮಾಡಿಕೊಳ್ಳುತ್ತದೆ. ಧಾರೆಗೆ ಮೊದಲು ಮಂಟಪದಲ್ಲಿ ಬೂದು ಬಣ್ಣದ ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸ್ ಅನ್ನು ಕೈಯಾರೆ ಹೊಂದಿಸಿ, ಎಲ್ಲ ಕ್ಯಾಮೆರಾಗಳಲ್ಲೂ ಅದನ್ನೇ ಇಡುವುದು. ಅಲಂಕಾರದ ಲೈಟಿನವರ ಜೊತೆ ಮೊದಲೇ ಮಾತಾಡಿ, ಮಾಂಗಲ್ಯಧಾರಣೆಯ ಹೊತ್ತಿಗೆ ಬಣ್ಣದ ಲೈಟು ಆರಿಸಲು ಒಪ್ಪಿಸುವುದು. ಮೂರನೆಯದು ರೇಷ್ಮೆಯದು. ಕೆಂಪು ರೇಷ್ಮೆ ಸೀರೆಯ ಮೇಲೆ ಬೆಳಕು ಬಿದ್ದಾಗ ಕ್ಯಾಮೆರಾದಲ್ಲಿ ಕೆಂಪಿನ ಭಾಗ ಮಾತ್ರ ತುಂಬಿ ಹೊರಚೆಲ್ಲುತ್ತದೆ. ಒಟ್ಟು ಚಿತ್ರ ಸರಿಯಾಗೇ ಕಂಡರೂ ಸೀರೆ ಒಂದು ಕೆಂಪು ಮುದ್ದೆಯಾಗಿ, ನೆರಿಗೆ, ಬುಟ್ಟಾ ಎಲ್ಲ ಮಾಯವಾಗಿರುತ್ತದೆ. ಕ್ಯಾಮೆರಾದ ಪರದೆಯಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಂ ತೆರೆದರೆ ಕೆಂಪಿನ ಗೆರೆ ಬಲಗಡೆಯ ಅಂಚಿಗೆ ಒತ್ತಿ ನಿಂತಿರುವುದು ಕಾಣುತ್ತದೆ. ಆಗ ಬೆಳಕನ್ನು ತುಸು ಇಳಿಸಿ ತೆಗೆಯಬೇಕು. ಸಾವಿರಾರು ರೂಪಾಯಿಯ ಸೀರೆ ಕೊಂಡ ತಾಯಿ ಆಲ್ಬಂನಲ್ಲಿ ಮೊದಲು ಹುಡುಕುವುದು ಆ ಸೀರೆಯ ಅಂಚನ್ನು. ಅದು ಎಳೆ ಎಳೆಯಾಗಿ ಕಂಡರೆ ಆ ಸ್ಟುಡಿಯೊದ ಹೆಸರು ನಾಲ್ಕು ಮನೆಗೆ ತಾನಾಗಿ ತಲಪುತ್ತದೆ.

ಇದೆಲ್ಲ ಆದಮೇಲೆ ಹೆಸರು. ವೆಡ್ಡಿಂಗ್, ಸ್ಟೋರಿ, ಮೆಮೊರೀಸ್, ಡ್ರೀಮ್ಸ್, ಕ್ಲಿಕ್ಸ್ ಇಂಥ ಪದಗಳಿಂದ ಕಟ್ಟಿದ ಹೆಸರುಗಳು ಕೇಳಿದ ಕ್ಷಣವೇ ಮರೆತುಹೋಗುವುದು ಒಂದು ತೊಂದರೆ. ಕಾನೂನಿನ ತೊಂದರೆ ಇನ್ನೊಂದು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಂ ಪ್ರಕಾರ, ಮಾಡುವ ಕೆಲಸವನ್ನೇ ಬಣ್ಣಿಸುವ ಹೆಸರನ್ನು ನೋಂದಾಯಿಸಿಕೊಳ್ಳುವುದು ಕಷ್ಟ. ನೋಂದಣಿಯಾಗದ ಹೆಸರನ್ನು ನಾಳೆ ಪಕ್ಕದ ಊರಿನವರು ಇಟ್ಟುಕೊಂಡರೆ ತಡೆಯುವುದು ಇನ್ನೂ ಕಷ್ಟ. ಫೋಟೊಗ್ರಫಿ ಸೇವೆ 41ನೇ ವರ್ಗದಲ್ಲಿ ಬರುತ್ತದೆ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ, ನೋಂದಣಿಯಾದರೆ 10 ವರ್ಷ ಊರ್ಜಿತ. ಅರ್ಜಿಗೆ ಮೊದಲು ಅದೇ ಹೆಸರು ಬೇರೆಯವರದಾಗಿದೆಯೇ ಎಂದು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು.

ನಮ್ಮ ಸ್ಟುಡಿಯೊ ‘ಹಂದರ’ ಎಂಬ ಹೆಸರನ್ನು ಯೋಚಿಸಿತು ಎನ್ನಿ. ಮದುವೆ ಮನೆಯ ಮುಂದೆ ಹಾಕುವ ಹಂದರ ದಾವಣಗೆರೆಯಿಂದ ಉತ್ತರಕ್ಕೆ ಎಲ್ಲರಿಗೂ ಪರಿಚಿತ. ಅದನ್ನು ಒಪ್ಪುವ ಮೊದಲು ಎರಡು ಪರೀಕ್ಷೆ. ಫೋನಿನಲ್ಲಿ ಒಬ್ಬರಿಗೆ ಹೆಸರು ಹೇಳಿ, ಇನ್‌ಸ್ಟಾಗ್ರಾಂನಲ್ಲಿ ಹುಡುಕಿ ಎನ್ನಬೇಕು. ಅವರು ಇಂಗ್ಲಿಷ್ ಅಕ್ಷರದಲ್ಲಿ handara ಎಂದು ಒತ್ತುತ್ತಾರೋ handhara ಎಂದೋ? ಹತ್ತು ಜನರಲ್ಲಿ ಹೆಚ್ಚಿನವರು ಒತ್ತಿದ್ದೇ ಸರಿಯಾದ ಕಾಗುಣಿತ. ಗೂಗಲ್ ಮ್ಯಾಪ್, ಬಿಲ್, ಕಾರಿನ ಸ್ಟಿಕ್ಕರ್ ಎಲ್ಲ ಕಡೆ ಅದೊಂದೇ ಇರಬೇಕು. ಎರಡನೆಯ ಪರೀಕ್ಷೆ ಅಳತೆಯದು. ಇಂದು ಸ್ಟುಡಿಯೊದ ಬೋರ್ಡ್ ಹೆಚ್ಚು ಜನರಿಗೆ ಕಾಣುವುದು ರಸ್ತೆಯಲ್ಲಲ್ಲ, ಮೊಬೈಲಿನಲ್ಲಿ ಬೆರಳುಗುರುಗಿನಷ್ಟು ಚಿಕ್ಕ ವೃತ್ತದಲ್ಲಿ. ಎಲೆಬಳ್ಳಿ, ಕ್ಯಾಮೆರಾ ಚಿತ್ರ, ತೆಳು ಕೊಂಡಿಬರಹ ಎಲ್ಲ ಅಲ್ಲಿ ಧೂಳಿನ ಚುಕ್ಕೆಯಾಗುತ್ತವೆ. ಮೂರಕ್ಷರದ, ಒತ್ತಕ್ಷರವಿಲ್ಲದ ಕನ್ನಡ ಹೆಸರು ದಪ್ಪ ಬರಹದಲ್ಲಿ ಅಲ್ಲೂ ಓದಲು ಬರುತ್ತದೆ. ಒತ್ತಕ್ಷರ ಇದ್ದರೆ ಅದು ಕೆಳಗೆ ಇಳಿದು ಜಾಗ ಕೇಳುತ್ತದೆ, ಉಳಿದ ಅಕ್ಷರ ಚಿಕ್ಕದಾಗುತ್ತದೆ. ಹಾಗೆಂದು ಒತ್ತಕ್ಷರದ ಹೆಸರೇ ಬೇಡವೆಂದಲ್ಲ, ಅಂಥ ಹೆಸರಿಗೆ ವೃತ್ತದಲ್ಲಿ ಮೊದಲ ಅಕ್ಷರ ಮಾತ್ರ ಇಟ್ಟರಾಯಿತು.

ಕನ್ನಡ ಅಕ್ಷರದ ವಿಷಯದಲ್ಲಿ ಎರಡು ಪ್ರಾಯೋಗಿಕ ಮಾತು. ಅನೇಕ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡದಂಥ ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ವ್ಯಾಪಾರಕ್ಕೂ ದುಡ್ಡಿಲ್ಲದೆ ಬಳಸಬಹುದು. ಆಲ್ಬಂ ಮಾಡುವವರು ಫೋಟೊಶಾಪ್‌ನಲ್ಲಿ ಕನ್ನಡ ಬರೆದಾಗ ಒತ್ತಕ್ಷರ ಒಡೆದುಹೋಗುವುದು ಸಾಮಾನ್ಯ ದೂರು. ಅದರ ಸೆಟ್ಟಿಂಗ್‌ನಲ್ಲಿ World-Ready Layout ಆರಿಸಿದರೆ ಸರಿಯಾಗುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳ ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಬೆರಳಚ್ಚು ಮಾಡಿದ ಹೆಸರನ್ನು ನಕಲು ಮಾಡಿ ಇನ್‌ಸ್ಟಾಗ್ರಾಂಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ, ಹಾಗಾಗಿ ಎಲ್ಲ ಕೆಲಸವೂ ಯೂನಿಕೋಡ್‌ನಲ್ಲೇ ಆಗಬೇಕು. ಮದುಮಕ್ಕಳ ಹೆಸರನ್ನೇ ಆಲ್ಬಂನ ರಟ್ಟಿನ ಮೇಲೆ ತಪ್ಪಾಗಿ ಅಚ್ಚು ಹಾಕಿ ಕೊಟ್ಟ ಸ್ಟುಡಿಯೊವನ್ನು ಆ ಕುಟುಂಬ ನೆನಪಿಟ್ಟುಕೊಳ್ಳುತ್ತದೆ.

ಇನ್ನು ಆ ಚಿತ್ರಗಳು ಯಾರವು? ಸ್ಟುಡಿಯೊದವರು ಬಹಳ ಮಂದಿ ‘ನಾನು ತೆಗೆದದ್ದು, ನನ್ನದು’ ಎಂದುಕೊಂಡು ಪುಟಕ್ಕೆ ಹಾಕುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಬೇರೆಯೇ ಹೇಳುತ್ತದೆ. ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಫೋಟೊದ, ಮಾಡಿದ ಚಲನಚಿತ್ರದ ಮೊದಲ ಒಡೆಯರು ಹಣ ಕೊಟ್ಟು ಮಾಡಿಸಿದವರು; ಬೇರೆ ಒಪ್ಪಂದ ಇದ್ದರೆ ಮಾತ್ರ ಇದು ಬದಲಾಗುತ್ತದೆ. ಅಂದರೆ ಮದುವೆಯ ಫೋಟೊ ಕಾನೂನಿನ ಕಣ್ಣಲ್ಲಿ ಮದುವೆ ಮನೆಯವರದ್ದು. ಸ್ಟುಡಿಯೊದ ಇಡೀ ಗುರುತು ನಿಂತಿರುವುದೇ ಅದು ಜನರಿಗೆ ತೋರಿಸುವ ಚಿತ್ರಗಳ ಮೇಲೆ. ಹೀಗಿರುವಾಗ ಅವನ್ನು ತೋರಿಸುವ ಹಕ್ಕನ್ನು ಬರವಣಿಗೆಯಲ್ಲಿ ಪಡೆಯದಿದ್ದರೆ ಮನೆಯವರ ಒಂದು ಫೋನ್ ಕರೆಗೆ ಅರ್ಧ ಪುಟ ಖಾಲಿಯಾದೀತು.

ಇಲ್ಲಿ ಕಾನೂನಿಗಿಂತ ದೊಡ್ಡ ಸಂಗತಿಯೂ ಇದೆ. ಮಗಳ ಫೋಟೊ ಊರಿನವರ ಮೊಬೈಲಿನಲ್ಲೆಲ್ಲ ಓಡಾಡುವುದು ಅನೇಕ ಮನೆಗಳಿಗೆ ಇಷ್ಟವಿಲ್ಲ. ಅವರು ಸಂಕೋಚದಿಂದ ಹೇಳುವುದಿಲ್ಲ ಅಷ್ಟೆ. ನಮ್ಮ ಸ್ಟುಡಿಯೊ ಆರ್ಡರ್ ಬರೆದುಕೊಳ್ಳುವಾಗಲೇ ಅರ್ಧ ಪುಟದ ಒಪ್ಪಿಗೆ ಪತ್ರ ಮುಂದಿಡುತ್ತದೆ. ಅದರಲ್ಲಿ ಮೂರು ಸಾಲು: ಅಂಗಡಿಯ ಮಾದರಿ ಆಲ್ಬಂನಲ್ಲಿ ಮಾತ್ರ ತೋರಿಸಬಹುದು, ಇನ್‌ಸ್ಟಾಗ್ರಾಂನಲ್ಲೂ ಹಾಕಬಹುದು, ಆದರೆ ಮೊದಲು ನಮಗೆ ತೋರಿಸಿ, ಎಲ್ಲೂ ಬೇಡ. ಯಾವುದಕ್ಕೆ ಗುರುತು ಹಾಕಿದರೂ ದರ ಅದೇ. ಅರಿಶಿಣದ, ಸುರಗಿ ಸ್ನಾನದ ಚಿತ್ರಗಳಿಗೆ ಬೇರೆಯಾಗಿಯೇ ಕೇಳುತ್ತಾರೆ, ಏಕೆಂದರೆ ಒದ್ದೆ ಸೀರೆಯ ಹೆಣ್ಣುಮಕ್ಕಳು ಅಲ್ಲಿರುತ್ತಾರೆ. ಮನೆಯ ಶಾಸ್ತ್ರವೇ ತನ್ನ ವಿಶೇಷ ಎನ್ನುವ ಸ್ಟುಡಿಯೊ, ಮನೆಯೊಳಗೆ ಬಿಟ್ಟುಕೊಂಡವರ ಮರ್ಯಾದೆ ಕಾಯದಿದ್ದರೆ ಅದರ ಮಾತಿಗೆ ಬೆಲೆಯಿಲ್ಲ. ಹೆಂಗಸರ ಶಾಸ್ತ್ರಗಳಿಗೆ ಒಬ್ಬ ಹೆಣ್ಣುಮಗಳನ್ನೇ ಕ್ಯಾಮೆರಾದವಳಾಗಿ ತಯಾರು ಮಾಡಿಕೊಂಡರೆ ಅದು ಸಾವಿರ ಲೋಗೊಗಳು ಕೊಡದ ಗುರುತು. ಈಗಲೂ ಜಿಲ್ಲಾ ಊರುಗಳಲ್ಲಿ ಅಂಥವರು ವಿರಳ.

ಹಾಡಿನ ವಿಷಯದಲ್ಲೂ ಇದೇ ಥರದ ಒಂದು ಗೊಂದಲವಿದೆ. ಮದುವೆ ಮೆರವಣಿಗೆಯಲ್ಲಿ, ಮದುವೆಯ ಸಂಭ್ರಮದಲ್ಲಿ ಧ್ವನಿಮುದ್ರಿತ ಹಾಡು ಹಾಕುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಅದೇ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಸಮಾರಂಭಕ್ಕೆ. ಅದೇ ಹಾಡನ್ನು ಹೈಲೈಟ್ಸ್ ವಿಡಿಯೊಗೆ ಜೋಡಿಸಿ ಸ್ಟುಡಿಯೊದ ಯೂಟ್ಯೂಬ್ ಚಾನೆಲ್‌ಗೆ ಹಾಕಿದರೆ ಸಂಗೀತ ಕಂಪನಿಯ ತಕರಾರು ಬರಬಹುದು, ವಿಡಿಯೊ ಮೂಕವಾಗಬಹುದು. ನಮ್ಮ ಸ್ಟುಡಿಯೊ ಇದನ್ನೇ ಅನುಕೂಲ ಮಾಡಿಕೊಳ್ಳುತ್ತದೆ. ಒಂದು ಸಣ್ಣ ರೆಕಾರ್ಡರ್ ಇಟ್ಟುಕೊಂಡು ಅಲ್ಲೇ ಹಾಡಿದ ಸೋಬಾನೆ, ಓಲಗದ ದನಿ, ಮನೆಯವರ ಮಾತು ನಗು ಹಿಡಿದು, ಟೀಸರ್‌ಗೆ ಅದನ್ನೇ ಹಾಕುತ್ತದೆ. ಹಾಡಿದ ಅಜ್ಜಿಯ ಒಪ್ಪಿಗೆಯನ್ನೂ ಕೇಳಿಕೊಂಡು. ಕ್ಯಾಮೆರಾದ ಮೈಕ್ ಇದಕ್ಕೆ ಸಾಲದು. ಜನರೇಟರ್ ಸದ್ದು, ಪಾತ್ರೆ ಸದ್ದು ಎಲ್ಲ ಮೊದಲು ಬಂದು ಹಾಡು ಹಿಂದೆ ಉಳಿಯುತ್ತದೆ. ರೆಕಾರ್ಡರ್ ಹಾಡುವವರಿಂದ ಎರಡು ಮೂರು ಅಡಿಯೊಳಗೆ ಇರಬೇಕು.

ಇಷ್ಟೆಲ್ಲ ತೀರ್ಮಾನಿಸಿದರೂ ದಿನಗೂಲಿ ಹುಡುಗನ ಪ್ರಶ್ನೆ ಹಾಗೇ ಇದೆ. ಅವನನ್ನು ಬಿಡಲಾಗುವುದಿಲ್ಲ, ಸೀಸನ್‌ನಲ್ಲಿ ಬೇಕೇ ಬೇಕು. ಮಾಡಬಹುದಾದ್ದು, ಪ್ರತಿ ಸಲ ಸಿಕ್ಕವರನ್ನು ಕರೆಯುವ ಬದಲು ಇಬ್ಬರನ್ನು ಗೊತ್ತುಮಾಡಿಕೊಂಡು ಸೀಸನ್ ಪೂರ್ತಿ ಅವರಿಗೇ ಕೆಲಸ ಕೊಡುವುದು, ಕೂಲಿಯನ್ನು ತುಸು ಹೆಚ್ಚು ಕೊಡುವುದು, ಮತ್ತು ಒಂದು ಹಾಳೆಯ ಸೂಚನೆ ಕೈಗಿಡುವುದು. ಆ ಹಾಳೆಯಲ್ಲಿ ಈ ಮದುವೆಯ ಶಾಸ್ತ್ರಗಳ ಕ್ರಮ, ಪ್ರತಿಯೊಂದರಲ್ಲಿ ತಪ್ಪಿಸಬಾರದ ಜನ ಯಾರು, ವೈಟ್ ಬ್ಯಾಲೆನ್ಸ್ ಎಷ್ಟು, ಏನು ತೆಗೆಯಬಾರದು ಎಂಬುದಿರುತ್ತದೆ. ತಪ್ಪಿಸಬಾರದ ಜನರ ಪಟ್ಟಿಯನ್ನು ಮದುವೆಗೆ ವಾರ ಮೊದಲು ಮನೆಗೆ ಹೋಗಿ ಹಿರಿಯ ಹೆಂಗಸರ ಹತ್ತಿರ ಕೂತು ಬರೆದುಕೊಳ್ಳಬೇಕು. ಸೋದರಮಾವ ಯಾರು, ಹೆಣ್ಣಿನ ಕಡೆಯ ದೊಡ್ಡಪ್ಪ ಯಾರು, ಗಾಲಿಕುರ್ಚಿಯಲ್ಲಿ ಬರುವ ಅಜ್ಜಿ ಎಷ್ಟು ಹೊತ್ತು ಇರುತ್ತಾರೆ. ಆಲ್ಬಂ ನೋಡಿ ‘ನಮ್ಮಣ್ಣನ ಒಂದು ಫೋಟೊನೂ ಇಲ್ವಲ್ಲಪ್ಪಾ’ ಎಂಬ ಮಾತು ಬಂದರೆ ಉಳಿದ ಮುನ್ನೂರು ಚಿತ್ರಗಳ ಚೆಲುವು ಅಲ್ಲಿಗೆ ಮುಗಿಯಿತು. ಇನ್ನೊಂದು ಕರಾರು: ತಾನು ತೆಗೆದ ಚಿತ್ರವನ್ನು ಹುಡುಗ ತನ್ನ ಸ್ವಂತ ಪುಟದಲ್ಲಿ ಯಾವಾಗ, ಯಾರ ಹೆಸರಿನೊಂದಿಗೆ ಹಾಕಬಹುದು ಎಂಬುದು ಮೊದಲೇ ಮಾತಾಗಿರಬೇಕು. ಇಲ್ಲವಾದರೆ ಒಂದೇ ಚಿತ್ರ ಎರಡು ಪುಟಗಳಲ್ಲಿ ಕಾಣಿಸಿ, ನೋಡಿದ ಗಿರಾಕಿಗೆ ಯಾರದು ಯಾರದೆಂದು ಗೊತ್ತಾಗುವುದಿಲ್ಲ. ಮನೆಯವರು ‘ಎಲ್ಲೂ ಬೇಡ’ ಎಂದಿದ್ದರೆ ಅದು ಅವನಿಗೂ ಅನ್ವಯ.

ಆಲ್ಬಂ ಕೊಡುವ ದಿನಾಂಕದ ಬಗ್ಗೆ ಬ್ರ್ಯಾಂಡ್ ಮಾಡಿಕೊಡುವವರು ಯಾರೂ ಮಾತಾಡುವುದಿಲ್ಲ, ಅದು ಆಶ್ಚರ್ಯ. ಮುಂದಿನ ಗಿರಾಕಿ ಇರುವುದು ಈ ಮದುವೆಯ ಊಟದ ಪಂಕ್ತಿಯಲ್ಲಿ. ಅವರ ಮನೆಯಲ್ಲೂ ಮದುವೆಗೆ ಬಂದ ಮಕ್ಕಳಿದ್ದಾರೆ, ಕೆಲವೇ ತಿಂಗಳಲ್ಲಿ ಫೋಟೊದವರನ್ನು ಹುಡುಕುತ್ತಾರೆ. ಆ ಹೊತ್ತಿಗೆ ಬೀಗರ ಮನೆಯ ಟೀಪಾಯಿ ಮೇಲೆ ಆಲ್ಬಂ ಇದ್ದರೆ ಅದೇ ಜಾಹೀರಾತು, ಇನ್ನೂ ಬಂದಿಲ್ಲದಿದ್ದರೆ ಅದೂ ಒಂದು ಜಾಹೀರಾತೇ. ತಡವಾಗುವುದಕ್ಕೆ ದೊಡ್ಡ ಕಾರಣ ಲ್ಯಾಬ್ ಅಲ್ಲ, ಫೋಟೊ ಆರಿಸಿಕೊಡಲು ಮನೆಯವರು ತೆಗೆದುಕೊಳ್ಳುವ ಸಮಯ. ಮೂರು ಸಾವಿರ ಚಿತ್ರ ಪೆನ್‌ಡ್ರೈವ್‌ಗೆ ತುಂಬಿ ‘ಇದರಲ್ಲಿ ಇನ್ನೂರು ಆರಿಸಿ’ ಎಂದರೆ ಯಾರಿಂದ ಆದೀತು? ನಮ್ಮ ಸ್ಟುಡಿಯೊ ತಾನೇ ಇನ್ನೂರೈವತ್ತು ಆರಿಸಿ, ಪುಟ ಜೋಡಿಸಿ, ‘ಬೇಡವಾದದ್ದು ತೆಗೆಯಿರಿ, ಬಿಟ್ಟುಹೋದದ್ದು ಹೇಳಿ’ ಎನ್ನುತ್ತದೆ. ಆಯ್ಕೆ ವಾರದಲ್ಲಿ ಮುಗಿಯುತ್ತದೆ. ಅದಲ್ಲದೆ ಚಿತ್ರಗಳ ಆಯ್ಕೆಯೂ ಸ್ಟುಡಿಯೊದ ಕಣ್ಣಿನದೇ ಆಗಿ, ಆಲ್ಬಂಗೊಂದು ಓಟ ಬರುತ್ತದೆ. ಟೆಂಪ್ಲೇಟಿನ ಹೂಬಳ್ಳಿ, ಮೋಡ, ತೇಲುವ ಹೃದಯ ಬಿಟ್ಟು, ಬಿಳಿ ಪುಟದಲ್ಲಿ ದೊಡ್ಡ ಚಿತ್ರ, ಅಡಿಯಲ್ಲಿ ಶಾಸ್ತ್ರದ ಹೆಸರು ಕನ್ನಡದಲ್ಲಿ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಬೆಳೆಯುವ ಮಕ್ಕಳು ಮುಂದೊಂದು ದಿನ ಐರಣಿ ಎಂದರೇನು ಎಂದು ಕೇಳಿದಾಗ ಆ ಪುಟ ಉತ್ತರ ಹೇಳುತ್ತದೆ.

ಇದು ಫಲಿಸುತ್ತಿದೆಯೇ ಎಂದು ತಿಳಿಯಲು ಲೈಕ್ ಎಣಿಸುವುದು ಕೆಲಸಕ್ಕೆ ಬಾರದು. ಲೈಕ್ ಒತ್ತುವವರಲ್ಲಿ ಹೆಚ್ಚಿನವರು ಇತರ ಊರಿನ ಕ್ಯಾಮೆರಾದವರೇ. ವಿಚಾರಿಸಲು ಫೋನ್ ಮಾಡಿದ ಪ್ರತಿಯೊಬ್ಬರ ಮೊದಲ ಪ್ರಶ್ನೆಯನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು, ಜೊತೆಗೆ ‘ಎಲ್ಲಿ ನೋಡಿದ್ರಿ?’ ಎಂದು ಕೇಳಬೇಕು. ‘ಎಷ್ಟಾಗ್ತತಿ’ ಎಂದು ಶುರುಮಾಡುವವರು ಕಡಿಮೆಯಾಗಿ, ‘ನಮ್ಮ ಅತ್ತಿಗೆ ಆಲ್ಬಂ ನೋಡಿದ್ವಿ, ನಮ್ಮನೇಲೂ ಸುರಗಿ ಐತಿ, ಬರ್ತೀರಾ?’ ಎನ್ನುವವರು ಹೆಚ್ಚಾದರೆ ಗುರುತು ಕೂರುತ್ತಿದೆ ಎಂದರ್ಥ. ಒಂದು ತಿಂಗಳಲ್ಲಿ ಇದನ್ನು ನಿರೀಕ್ಷಿಸಬಾರದು. ಮದುವೆ ಗೊತ್ತಾಗುವುದು ತಿಂಗಳುಗಳ ಮುಂಚೆ, ಆಲ್ಬಂ ಕೈಗೆ ಬರುವುದು ತಿಂಗಳುಗಳ ನಂತರ, ಅದನ್ನು ನೋಡಿದವರ ಮನೆಯಲ್ಲಿ ಮದುವೆ ಬರುವುದು ಅದಕ್ಕೂ ನಂತರ. ಹಾಗಾಗಿ ಈ ಮಾಘದಲ್ಲಿ ಮಾಡಿದ ಬದಲಾವಣೆ ಫೋನಿನಲ್ಲಿ ಕೇಳಿಸುವುದು ಮುಂದಿನ ವರ್ಷದ ವೈಶಾಖದ ಹೊತ್ತಿಗೆ. ಎಷ್ಟೋ ಸ್ಟುಡಿಯೊಗಳು ಅಷ್ಟರೊಳಗೆ ತಾಳ್ಮೆ ಕಳೆದುಕೊಂಡು ಮತ್ತೊಂದು ಲೋಗೊ ಮಾಡಿಸುತ್ತವೆ, ಮೊದಲನೆಯದನ್ನು ಗುರುತಿಸಲು ಕಲಿಯುತ್ತಿದ್ದ ನಾಲ್ಕು ಜನರೂ ಕೈತಪ್ಪುತ್ತಾರೆ.

ನಕಲು ಆಗುತ್ತದೆ, ಅದಕ್ಕೆ ತಯಾರಿರಬೇಕು. ಬಿಳಿ ಪುಟದ ಆಲ್ಬಂ ಮತ್ತು ಕನ್ನಡದ ದಪ್ಪ ಅಕ್ಷರದ ಹೆಸರು ಒಂದೇ ಸೀಸನ್‌ನಲ್ಲಿ ಎದುರು ಅಂಗಡಿಯಲ್ಲೂ ಕಾಣಿಸಬಹುದು. ಬೇಗ ನಕಲಾಗದವು ಬೇರೆ ಇವೆ: ಮನೆಮನೆಗೆ ಹೋಗಿ ಬರೆದ ಹೆಸರುಗಳ ಪಟ್ಟಿ, ಹೆಣ್ಣುಮಕ್ಕಳು ನಂಬಿ ಒಳಗೆ ಬಿಟ್ಟುಕೊಳ್ಳುವ ಕ್ಯಾಮೆರಾದವಳು, ಅಪ್ಪನ ಶಾಸ್ತ್ರಜ್ಞಾನ. ಕೊನೆಯದು ಅಪ್ಪನ ತಲೆಯಲ್ಲಷ್ಟೇ ಇದ್ದರೆ ಅಪ್ಪನೊಂದಿಗೇ ಹೋಗುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ಮಗ ಆ ತಿಂಗಳು ಅಪ್ಪನನ್ನು ಕೂರಿಸಿಕೊಂಡು ಹಳೆಯ ಆಲ್ಬಂಗಳನ್ನು ಒಂದೊಂದಾಗಿ ತೆರೆದು, ಯಾವ ಊರಿನ ಯಾವ ಮನೆತನದಲ್ಲಿ ಏನು ಮೊದಲು, ಏನು ಆಮೇಲೆ, ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಶ್ರಾವಣ ಬರುವಷ್ಟರಲ್ಲಿ ಹೊಸ ಹುಡುಗರ ಕೈಗೆ ಕೊಡುವ ಹಾಳೆ ಅದರಿಂದಲೇ ತಯಾರಾಗುತ್ತದೆ.